ಶಿಲುಬೆಯ ಮೇಲಿನ ಒಂದು ಕ್ರಿಯಾಪದ

ಅಡಿಗೆಯ ಮನೆಯಿಂದ ಕರೆ ಬರುತ್ತದೆ: "ಎಲೆ ಹಾಕಿಯಾಗಿದೆ, ಬನ್ನಿ." ನೀವು ರೇಡಿಯೋದ ಮುಂದಿನಿಂದ ಏಳದೆಯೇ "ಬಂದೆ" ಎನ್ನುತ್ತೀರಿ. ಈ ಎರಡು ಮಾತುಗಳನ್ನು ಸ್ವಲ್ಪ ಗಮನಿಸಿ. "ಬಂದೆ" ಎಂಬುದು ವ್ಯಾಕರಣದಲ್ಲಿ ಭೂತಕಾಲ. ಆದರೆ ನೀವು ಇನ್ನೂ ಬಂದಿಲ್ಲ. "ಹಾಕಿಯಾಗಿದೆ" ಎಂಬುದು ಹಾಗಲ್ಲ. ಎಲೆ ಹಾಕುವ ಕೆಲಸ ನಡೆದು ಮುಗಿದಿದೆ, ಎಲೆ ಈಗಲೂ ಮಣೆಯ ಮುಂದೆ ಇದೆ, ಎಂಬ ಎರಡು ಸಂಗತಿಗಳನ್ನು ಅದು ಒಟ್ಟಿಗೆ ಹೇಳುತ್ತದೆ. ಇಷ್ಟು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಯೋಹಾನನ ಸುವಾರ್ತೆಯಲ್ಲಿ ಬರುವ ಒಂದೇ ಒಂದು ಗ್ರೀಕ್ ಪದದ ವಿಚಾರ ನಿಮಗೆ ಕಷ್ಟವಾಗದು.

ಈ ವಿಚಾರ ನನ್ನ ಬಳಿಗೆ ಬಂದದ್ದು ನಮ್ಮ ಶಾಲೆಯ ಗಣಿತದ ಉಪಾಧ್ಯಾಯರಿಂದ. ಅವರು ಕ್ರೈಸ್ತರು. ಆ ವರ್ಷದ ಶುಭ ಶುಕ್ರವಾರ ತಮ್ಮ ಸಭೆಯಲ್ಲಿ ಯೋಹಾನನ ಹತ್ತೊಂಬತ್ತನೆಯ ಅಧ್ಯಾಯವನ್ನು ಓದುವ ಸರದಿ ಅವರದಾಗಿತ್ತು. ಅದಕ್ಕೆ ಒಂದು ತಿಂಗಳ ಹಿಂದೆ ಅವರ ತಂದೆ ಕಾಲವಾಗಿದ್ದರು. "ಪಂಡಿತರೇ, ಶಿಲುಬೆಯ ಮೇಲೆ ಯೇಸು ಹೇಳುವ ಕೊನೆಯ ಮಾತನ್ನು 'ತೀರಿತು' ಎಂದು ಓದಬೇಕು. ಅದನ್ನು ಓದಿದರೆ ನನಗೆ 'ತೀರಿಕೊಂಡರು' ಎಂಬುದೇ ಕೇಳಿಸುತ್ತದೆ. ಮೂಲದಲ್ಲಿಯೂ ಹೀಗೆಯೇ ಇದೆಯೆ?" ಎಂದು ಕೇಳಿದರು.

ಪ್ರಶ್ನೆ ಸಣ್ಣದಲ್ಲ. ಕನ್ನಡದಲ್ಲಿ ಸಾಯುತ್ತಿರುವವನು "ತೀರಿತು" ಎಂದರೂ "ಮುಗಿಯಿತು" ಎಂದರೂ ನಾವು ಕೇಳುವುದು ನಿಟ್ಟುಸಿರನ್ನು: ನನ್ನ ಕತೆ ಮುಗಿಯಿತು, ಇನ್ನು ಏನೂ ಉಳಿದಿಲ್ಲ. ಸೋತವನ ಮಾತು ಅದು. ಯೋಹಾನನು ಬರೆದದ್ದು ಸೋತವನ ಮಾತನ್ನೇ ಎಂಬುದು ಒಂದು ಕ್ರಿಯಾರೂಪದ ಮೇಲೆ ನಿಂತಿದೆ.

ಆ ಪದ "ತೆತೆಲೆಸ್ತೈ." ತೆಲೊಸ್ ಎಂದರೆ ಕೊನೆ, ಗುರಿ, ಹಿಡಿದ ಕೆಲಸ ಮುಟ್ಟಬೇಕಾದ ತುದಿ. ಅದರಿಂದ ಹುಟ್ಟಿದ ಧಾತುವಿಗೆ ಗುರಿ ಮುಟ್ಟಿಸು, ಪೂರೈಸು ಎಂದು ಅರ್ಥ. ಪದದ ಕೊನೆಯ "ತೈ" ಪ್ರಥಮಪುರುಷ ಏಕವಚನದ ಪ್ರತ್ಯಯ. ಮೊದಲಿನ "ತೆ" ಮಾತ್ರ ಸಂಸ್ಕೃತ ಓದಿದವರ ಕಣ್ಣಿಗೆ ಕೂಡಲೇ ಬೀಳುತ್ತದೆ. ಅದು ಧಾತುವಿನ ಮೊದಲ ಅಕ್ಷರದ ದ್ವಿರುಕ್ತಿ. ಸಂಸ್ಕೃತದ ದದರ್ಶ, ಜಗಾಮ, ಚಕಾರ ಎಂಬ ರೂಪಗಳಲ್ಲಿ ಕಾಣುವುದೂ ಇದೇ. ವೈಯಾಕರಣರು ಆ ಇಮ್ಮಡಿಯಾದ ಮೊದಲ ಭಾಗಕ್ಕೆ ಅಭ್ಯಾಸವೆಂದು ಹೆಸರಿಟ್ಟಿದ್ದಾರೆ.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ದ್ವಿರುಕ್ತಿಯನ್ನು ಕಂಡೊಡನೆ ನಾನು ಇದು ಲಿಟ್ ಲಕಾರವೆಂದು ತೀರ್ಮಾನಿಸಿದೆ. ಲಿಟ್ಟನ್ನು ಪಾಣಿನಿ ವಿಧಿಸಿರುವುದು ಪರೋಕ್ಷಭೂತಕ್ಕೆ. ಹೇಳುವವನು ಕಣ್ಣಾರೆ ಕಾಣದ, ಎಂದೋ ನಡೆದುಹೋದ ಸಂಗತಿಗೆ. ಹಾಗಾದರೆ ಇದು ಭೂತದಲ್ಲಿಯೂ ದೂರದ ಭೂತ ಎಂದು ಮಿತ್ರರಿಗೆ ಹೇಳಿಬಿಟ್ಟೆ. ಆಮೇಲೆ ಗ್ರೀಕ್ ವ್ಯಾಕರಣವನ್ನು ತೆರೆದಾಗ ನಾಚಿಕೆಯಾಯಿತು. ಅಕ್ಕತಂಗಿಯರಂತಿರುವ ಈ ಎರಡು ಭಾಷೆಗಳು ಹಳೆಯ ಮನೆಯಿಂದ ಒಂದೇ ಆಭರಣವನ್ನು ತಂದುಕೊಂಡಿವೆ, ಆದರೆ ಸಂಸ್ಕೃತವು ಅದನ್ನು ಕಾಲಕ್ರಮದಲ್ಲಿ ದೂರದ ಕಥೆ ಹೇಳುವುದಕ್ಕೆ ಬಳಸಿತು. ಗ್ರೀಕ್ ಅದರ ಹಳೆಯ ಉಪಯೋಗವನ್ನು ಉಳಿಸಿಕೊಂಡಿತು: ಹಿಂದೆ ನಡೆದ ಕ್ರಿಯೆಯಿಂದ ಈಗ ಇರುವ ಸ್ಥಿತಿ. ಇಂಗ್ಲಿಷ್ ವ್ಯಾಕರಣದವರು ಇದನ್ನು ಪರ್ಫೆಕ್ಟ್ ಎನ್ನುತ್ತಾರೆ. ನಾನು ಇಲ್ಲಿ ಪೂರ್ಣರೂಪ ಎನ್ನುತ್ತೇನೆ.

ಸಂಸ್ಕೃತವೂ ಆ ಹಳೆಯ ಅರ್ಥವನ್ನು ಒಂದು ಮೂಲೆಯಲ್ಲಿ ಕಾಪಾಡಿದೆ. "ವೇದ" ಎಂಬ ಕ್ರಿಯಾಪದಕ್ಕೆ "ತಿಳಿದಿದ್ದಾನೆ" ಎಂದು ಅರ್ಥ. ಆಕಾರದಲ್ಲಿ ಅದು ಲಿಟ್ಟಿನ ಜಾತಿಯದು, ಅರ್ಥದಲ್ಲಿ ವರ್ತಮಾನ. ಕಂಡದ್ದು ಹಿಂದೆ, ಆದುದರಿಂದ ತಿಳಿವು ಈಗ ಇದೆ. ಗ್ರೀಕಿನಲ್ಲಿ ಇದರ ಸೋದರರೂಪ "ಒಯ್ದ," ಬಲ್ಲೆನು ಎಂದು ಅರ್ಥ. (ನಮ್ಮ 'ಹೊತ್ತು ಒಯ್ದ' ಎಂಬುದಕ್ಕೂ ಇದಕ್ಕೂ ನಂಟಿಲ್ಲ.) ನಾವು ದಿನವೂ ಬಳಸುವ "ವಿದ್ವಾಂಸ" ಎಂಬ ಪದವೂ ಈ ಬಳಗದ್ದೇ. ವಿದ್ವಾಂಸನೆಂದರೆ ಎಂದೋ ತಿಳಿದು ಮರೆತವನಲ್ಲ, ತಿಳಿದಿರುವವನು.

ಇನ್ನು ಸುವಾರ್ತೆಯ ವಾಕ್ಯಕ್ಕೆ ಬರೋಣ. ಗ್ರೀಕಿನಲ್ಲಿ ಕಥೆ ಹೇಳುವುದಕ್ಕೆ ಬೇರೊಂದು ಭೂತಕಾಲವಿದೆ, ಅದರ ಹೆಸರು ಆಓರಿಸ್ಟ್. ಇದು ಆಯಿತು, ಮುಂದೆ ಅದಾಯಿತು ಎಂದು ಸಂಗತಿಗಳನ್ನು ಒಂದೊಂದಾಗಿ ಇಟ್ಟು ಸಾಗುವ ಸರಳಭೂತ. ಮತ್ತಾಯನು ತನ್ನ ಏಳನೆಯ ಅಧ್ಯಾಯದ ಕೊನೆಯಲ್ಲಿ, ಯೇಸು ಬೆಟ್ಟದ ಮೇಲಿನ ಬೋಧನೆಯನ್ನು ಮುಗಿಸಿದನು ಎನ್ನುವಾಗ ಇದೇ ಧಾತುವನ್ನು ಈ ಸರಳಭೂತದಲ್ಲಿ ಬಳಸುತ್ತಾನೆ: "ಎತೆಲೆಸೆನ್." ಮೊದಲಿನ "ಎ" ಸಂಸ್ಕೃತದ ಅಭವತ್ ಎಂಬುದರ ಆದಿಯ "ಅ"ಕಾರದ ಹಾಗೆ ಭೂತವನ್ನು ಸೂಚಿಸುವ ಆಗಮ. ಬೋಧನೆ ಮುಗಿಯಿತು, ಜನ ಬೆರಗಾದರು, ಕಥೆ ಮುಂದೆ ನಡೆಯಿತು. ಅಲ್ಲಿ ಸರಳಭೂತವೇ ಸರಿ.

ಯೋಹಾನನ ಹತ್ತೊಂಬತ್ತನೆಯ ಅಧ್ಯಾಯದ ಮೂವತ್ತನೆಯ ವಚನದಲ್ಲಿಯೂ ಕಥೆಯ ಕ್ರಿಯಾಪದಗಳು ಹೀಗೆಯೇ ಇವೆ. ಯೇಸು ಹುಳಿಮದ್ಯವನ್ನು ತೆಗೆದುಕೊಂಡನು: "ಎಲಬೆನ್," ಸರಳಭೂತ. ಹೇಳಿದನು: "ಎಯ್ಪೆನ್," ಸರಳಭೂತ. ತಲೆಬಾಗಿ ಪ್ರಾಣವನ್ನು ಒಪ್ಪಿಸಿದನು: "ಪರೆದೋಕೆನ್," ಅದೂ ಸರಳಭೂತ. ಈ ಸಾಲಿನ ನಡುವೆ ಆತನ ಬಾಯಿಂದ ಬಂದ ಒಂದು ಮಾತು ಮಾತ್ರ ಪೂರ್ಣರೂಪದಲ್ಲಿದೆ. ಸರಳಭೂತದಲ್ಲಿ ಹೇಳಿಸಬೇಕಾಗಿದ್ದರೆ "ಎತೆಲೆಸ್ಥೇ" ಎಂಬ ರೂಪ ಸಿದ್ಧವಾಗಿತ್ತು. ಬರೆದವನು ಅದನ್ನು ತೆಗೆದುಕೊಳ್ಳಲಿಲ್ಲ. ಕನ್ನಡದಲ್ಲಿ ಎಲ್ಲವನ್ನೂ "ತೆಗೆದುಕೊಂಡನು, ತೀರಿತು ಎಂದನು, ಒಪ್ಪಿಸಿದನು" ಎಂದು ಒಂದೇ ಕಾಲದಲ್ಲಿ ಇಟ್ಟರೆ ಆ ಮಾತು ಕೂಡ ನಡೆದುಹೋಗುವ ಘಟನೆಗಳ ಸಾಲಿನಲ್ಲಿ ಒಂದಾಗಿಬಿಡುತ್ತದೆ. ಹುಳಿಮದ್ಯವನ್ನು ಕುಡಿದ ಆ ಗಳಿಗೆಯಲ್ಲಿ ಏನೋ ಮುಗಿಯಿತು, ಅದು ಪ್ರಾಣವೇ ಇರಬೇಕು ಎಂದು ಕೇಳುವವನು ಊಹಿಸುತ್ತಾನೆ.

ಈ ಊಹೆ ತಪ್ಪೆಂದು ತಿಳಿಯುವುದು ಹೇಗೆ? ಎರಡು ವಚನ ಹಿಂದಕ್ಕೆ ಹೋಗಿ. ಇಪ್ಪತ್ತೆಂಟನೆಯ ವಚನದಲ್ಲಿ ಇದೇ "ತೆತೆಲೆಸ್ತೈ" ಒಮ್ಮೆ ಬಂದಿದೆ. ಈಗಾಗಲೇ ಎಲ್ಲವೂ ಪೂರೈಸಿದೆ ಎಂಬುದನ್ನು ಬಲ್ಲವನಾಗಿ ಯೇಸು ಬಾಯಾರಿಕೆಯ ಮಾತನ್ನಾಡಿದನು ಎಂಬುದು ಅಲ್ಲಿಯ ತಾತ್ಪರ್ಯ. "ಬಲ್ಲವನಾಗಿ" ಎಂಬುದಕ್ಕೆ ಇರುವ ಗ್ರೀಕ್ ಪದ "ಎಯ್ದೋಸ್," ನಾವು ಈಗ ತಾನೆ ಕಂಡ ವಿದ್ವಾಂಸನ ಬಂಧು. "ಈಗಾಗಲೇ" ಎಂಬ ಅವ್ಯಯವೂ ಜೊತೆಗಿದೆ. ಅಂದರೆ ಹುಳಿಮದ್ಯವನ್ನು ತುಟಿಗೆ ಹಿಡಿಯುವುದಕ್ಕೆ ಮೊದಲೇ ಎಲ್ಲವೂ ಪೂರೈಸಿದ ಸ್ಥಿತಿಯಲ್ಲಿ ನಿಂತಿತ್ತು. ಮೂವತ್ತನೆಯ ವಚನದ ಮಾತು ಆ ಗಳಿಗೆಯಲ್ಲಿ ಸಂಭವಿಸಿದ ಮುಕ್ತಾಯದ ವರದಿಯಲ್ಲ. ಆತನು ಮನಸ್ಸಿನಲ್ಲಿ ಅರಿತಿದ್ದುದನ್ನು ಬಾಯಿಬಿಟ್ಟು ಹೇಳಿದ್ದು. ಮೊದಲ ಸಲ "ಪೂರೈಸಿದೆ" ಎಂದೂ ಎರಡನೆಯ ಸಲ "ತೀರಿತು" ಎಂದೂ ಅನುವಾದಿಸಿದರೆ, ಎರಡೂ ಒಂದೇ ಪದವೆಂಬುದು ಓದುಗನಿಗೆ ತಿಳಿಯುವುದೇ ಇಲ್ಲ. ನನ್ನ ಮಟ್ಟಿಗೆ ಕಾಲದ ತಪ್ಪಿಗಿಂತ ಇದೇ ಹೆಚ್ಚಿನ ನಷ್ಟ.

ಆದರೆ ಪೂರ್ಣರೂಪ ಕಂಡಲ್ಲೆಲ್ಲ ಇಷ್ಟು ಭಾರ ಹೊರಿಸಬಾರದು. ಸುವಾರ್ತೆಗಳ ಕಾಲದ ಆಡುನುಡಿಯ ಗ್ರೀಕಿನಲ್ಲಿ ಈ ರೂಪದ ಅಂಚು ಅಲ್ಲಲ್ಲಿ ಸವೆಯತೊಡಗಿತ್ತು. ಮತ್ತಾಯನ ಹದಿಮೂರನೆಯ ಅಧ್ಯಾಯದಲ್ಲಿ ಮುತ್ತಿನ ವ್ಯಾಪಾರಿಯ ಸಾಮತಿಯಿದೆ. ಅವನು ಇದ್ದುದನ್ನೆಲ್ಲ ಮಾರಿದನು, ಮುತ್ತನ್ನು ಕೊಂಡನು. ಅಲ್ಲಿ "ಮಾರಿದನು" ಎಂಬುದು ಪೂರ್ಣರೂಪದಲ್ಲಿದೆ, "ಕೊಂಡನು" ಎಂಬುದು ಸರಳಭೂತದಲ್ಲಿ. ಮಾರಿದ್ದು ಸ್ಥಿರವಾಗಿ ನಿಂತಿತು, ಕೊಂಡದ್ದು ಹಾಗಲ್ಲ ಎಂದು ಅರ್ಥ ಮಾಡಿದರೆ ನಗೆಪಾಟಲು. ಅಲ್ಲಿ ಪೂರ್ಣರೂಪವೂ ಬರಿಯ ಕಥೆಯನ್ನೇ ಹೇಳುತ್ತಿದೆ. ಆದ್ದರಿಂದ ರೂಪವನ್ನು ನೋಡಿದರೆ ಸಾಲದು, ಸುತ್ತಲ ವಾಕ್ಯವನ್ನು ನೋಡಬೇಕು. ಯೋಹಾನನಲ್ಲಿ "ಈಗಾಗಲೇ" ಎಂಬ ಮಾತು ನಮಗೆ ಸಾಕ್ಷಿಯಾಗಿ ಸಿಕ್ಕಿತು. ಸಿಗದಿದ್ದರೆ ನಾನು ಇಷ್ಟು ಧೈರ್ಯದಿಂದ ಬರೆಯುತ್ತಿರಲಿಲ್ಲ.

ಈ ರೂಪ ಹೇಳದೆ ಬಿಡುವ ಸಂಗತಿಗಳೂ ಇವೆ. ಪೂರೈಸಿದ ಸ್ಥಿತಿ ಎಂದೆಂದಿಗೂ ಉಳಿಯುತ್ತದೆ ಎಂದು ಅದು ಹೇಳುವುದಿಲ್ಲ. ಮಾತನಾಡುವ ಹೊತ್ತಿಗೆ ಇದೆ ಎಂದಷ್ಟೇ ಹೇಳುತ್ತದೆ. ಪೂರೈಸಿದ್ದು ಏನು ಎಂಬುದನ್ನೂ ಕಾಲರೂಪ ಹೇಳಲಾರದು. ಈ ಧಾತುವಿಗೆ ತೆರಿಗೆ ಸಲ್ಲಿಸು ಎಂಬ ಅರ್ಥವೂ ಉಂಟು. ಮತ್ತಾಯನ ಹದಿನೇಳನೆಯ ಅಧ್ಯಾಯದಲ್ಲಿ ದೇವಾಲಯದ ತೆರಿಗೆಯ ವಿಷಯದಲ್ಲಿ ಅದು ಹಾಗೆ ಬಂದಿದೆ. ನಮ್ಮ "ಸಾಲ ತೀರಿತು" ಎಂಬುದು ಇದಕ್ಕೆ ಚೆನ್ನಾಗಿ ಒಗ್ಗುವುದರಿಂದ, ಶಿಲುಬೆಯ ಮಾತಿಗೂ "ಸಾಲ ಸಂದಾಯವಾಯಿತು" ಎಂದು ಅರ್ಥ ಹೇಳಲು ಮನಸ್ಸಾಗುತ್ತದೆ. ಆದರೆ ಆ ಅರ್ಥ ಬರುವುದು ವಾಕ್ಯದಲ್ಲಿ ತೆರಿಗೆಯ ಹೆಸರಿದ್ದಾಗ. ಇಲ್ಲಿ ಇರುವುದು "ಎಲ್ಲವೂ" ಎಂಬ ಮಾತೊಂದೇ. ಅದರಾಚೆಗಿನದು ಧರ್ಮಶಾಸ್ತ್ರಿಗಳಿಗೆ ಬಿಟ್ಟದ್ದು, ವ್ಯಾಕರಣದವನ ಎಲ್ಲೆ ಅಲ್ಲ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ನಮಗೆ ಉಪಾಯವಿದೆ. "ಅಣ್ಣ ಬಂದ" ಎಂದರೆ ಅಣ್ಣ ಮತ್ತೆ ಹೊರಟುಹೋಗಿರಬಹುದು. "ಅಣ್ಣ ಬಂದಿದ್ದಾನೆ" ಎಂದರೆ ಒಳಗೆ ಇನ್ನೊಂದು ಲೋಟ ಕಾಫಿ ಬೇಕು. ಭೂತಕೃದಂತಕ್ಕೆ "ಇರು" ಧಾತುವನ್ನು ಸೇರಿಸಿದ ಈ ರೂಪವೇ ಗ್ರೀಕಿನ ಪೂರ್ಣರೂಪಕ್ಕೆ ಹತ್ತಿರದ್ದು. ಒಂದು ಎಚ್ಚರಿಕೆ ಮಾತ್ರ ಬೇಕು. ಬೆಳಿಗ್ಗೆ ಎದ್ದು ಅಂಗಳ ಒದ್ದೆಯಾಗಿರುವುದನ್ನು ಕಂಡು "ರಾತ್ರಿ ಮಳೆ ಬಂದಿದೆ" ಎನ್ನುತ್ತೇವೆ. ಅದು ಕಾಣದ್ದನ್ನು ಗುರುತಿನಿಂದ ಊಹಿಸಿದ ಮಾತು. ಗ್ರೀಕ್ ರೂಪದಲ್ಲಿ ಆ ಊಹೆಯ ನೆರಳಿಲ್ಲ. ಧಾತುವನ್ನು ಆರಿಸುವಾಗಲೂ "ಮುಗಿ", "ತೀರು" ಎಂಬುವಕ್ಕಿಂತ "ನೆರವೇರು" ಮೇಲು, ಏಕೆಂದರೆ ತೆಲೊಸ್ ಎಂಬುದರಲ್ಲಿ ಕೊನೆಯಷ್ಟೇ ಅಲ್ಲ, ಗುರಿಯೂ ಇದೆ. ಆಯುಸ್ಸು ಮುಗಿಯುತ್ತದೆ, ನೆರವೇರುವುದಿಲ್ಲ. ನೆರವೇರುವುದು ಹೊತ್ತ ಕೆಲಸ. "ಎಲ್ಲವೂ ನೆರವೇರಿದೆ" ಎಂದರೆ ಮೂಲಕ್ಕೆ ಸಮೀಪವಾಗುತ್ತದೆ. ಗ್ರೀಕಿನ ಒಂದೇ ಪದದ ಬಿಗಿ ಅದರಲ್ಲಿಲ್ಲ ಎಂಬುದನ್ನು ಒಪ್ಪುತ್ತೇನೆ. "ನೆರವೇರಿದೆ" ಎಂದಷ್ಟೇ ಹೇಳಿದರೂ ಆದೀತು.

ಇದನ್ನೆಲ್ಲ ಮಿತ್ರರಿಗೆ ವಿವರಿಸಿ, ಹಿಂದೆ ಹೇಳಿದ ಪರೋಕ್ಷಭೂತದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಶುಕ್ರವಾರ ಕಳೆದ ಮೇಲೆ ಶಾಲೆಯ ವರಾಂಡದಲ್ಲಿ ಸಿಕ್ಕಾಗ, ಏನೆಂದು ಓದಿದಿರಿ ಎಂದು ಕೇಳಿದೆ. "ಪುಸ್ತಕದಲ್ಲಿದ್ದುದನ್ನೇ ಓದಿದೆ, ಪಂಡಿತರೇ. ಹಿರಿಯರು ಕುಳಿತಿದ್ದರು, ನಾನು ತಿದ್ದುವುದು ಸರಿಯಲ್ಲ. ಆದರೆ ಮನೆಗೆ ಹೋಗಿ ತಾಯಿಯವರಿಗೆ ನಿಮ್ಮ 'ನೆರವೇರಿದೆ'ಯನ್ನು ಹೇಳಿದೆ. ಎರಡು ಸಲ ಹೇಳಿಸಿಕೊಂಡರು" ಎಂದರು.