ಎರಡು ಫೋಟೊ, 13 ಸಾವಿರ ರೂಪಾಯಿ

ಮೊಬೈಲ್ ಅಂಗಡಿಗೆ ಹೋದವರು ಈಗ ಸ್ಪೆಸಿಫಿಕೇಶನ್ ಹಾಳೆಯ ಫೋಟೊ ತೆಗೆದು, ‘ಯಾವುದು ತಗೊಳ್ಳಲಿ?’ ಎಂದು ಪರಿಚಯದ ಹುಡುಗರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಕೇಳುವವರು ತಿಪಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿ ಎಂದುಕೊಳ್ಳೋಣ. ಕೈಯಲ್ಲಿರುವುದು 13 ಸಾವಿರ. ಸರಕಿನ ಫೋಟೊ ಕಳಿಸುವುದು, ಯುಪಿಐ ಹಣ, ರಾತ್ರಿ ಯೂಟ್ಯೂಬ್ ಅವರ ಬಳಕೆ. ಫೋನು ನಾಲ್ಕು ವರ್ಷ ಬಾಳಬೇಕು. ಫೋಟೊಗಳಲ್ಲಿರುವುದು 2023ರ ಆಗಸ್ಟ್‌ನಲ್ಲಿ ಒಟ್ಟಿಗೆ ಬಂದ ರೆಡ್ಮಿ 12 ಮತ್ತು ರೆಡ್ಮಿ 12 5ಜಿ. ಎರಡೂ 6 ಜಿಬಿ ರ್‍ಯಾಮ್, 128 ಜಿಬಿ ಸಂಗ್ರಹದವು. ಅಂಗಡಿಯಾತ ಹೇಳಿದ ದರ ಕ್ರಮವಾಗಿ 10,500 ಮತ್ತು 12,500 ಎಂದಿಟ್ಟುಕೊಳ್ಳಿ.

ಮೊದಲ ಕೆಲಸ, ಎರಡರಲ್ಲೂ ಒಂದೇ ಆಗಿರುವ ಸಾಲುಗಳನ್ನು ಹೊಡೆದು ಹಾಕುವುದು. 6.79 ಇಂಚಿನ ಪರದೆ, 5000 ಎಂಎಎಚ್ ಬ್ಯಾಟರಿ, 18 ವ್ಯಾಟ್ ಚಾರ್ಜಿಂಗ್, 50 ಮೆಗಾಪಿಕ್ಸೆಲ್ ಮುಖ್ಯ ಕ್ಯಾಮೆರಾ ಎರಡಕ್ಕೂ ಸಮ. ಹಾಳೆಯಲ್ಲಿ ದಪ್ಪಕ್ಷರದಲ್ಲಿ ಮೆರೆಯುವುದೂ ಇವೇ ಅನ್ನುವುದು ಬೇರೆ ಮಾತು.

5ಜಿ ಸಂಪರ್ಕ ಬಿಟ್ಟರೆ ಉಳಿಯುವ ಮುಖ್ಯ ಸಾಲು ಮೂರು. ಒಂದು ಕ್ಯಾಮೆರಾ: ಅಗ್ಗದ ಫೋನಿನಲ್ಲೇ 8 ಮೆಗಾಪಿಕ್ಸೆಲ್‌ನ ಅಲ್ಟ್ರಾವೈಡ್ ಇದೆ, 5ಜಿಯಲ್ಲಿ ಅದಿಲ್ಲ. ಎರಡನೆಯದು ಚಿಪ್. ಅಗ್ಗದ್ದರಲ್ಲಿ 12 ನ್ಯಾನೊಮೀಟರ್‌ನ ಹೀಲಿಯೊ ಜಿ88, ಇನ್ನೊಂದರಲ್ಲಿ 4 ನ್ಯಾನೊಮೀಟರ್‌ನ ಸ್ನ್ಯಾಪ್‌ಡ್ರ್ಯಾಗನ್ 4 ಜೆನ್ 2. ಈ ಸಂಖ್ಯೆ ಚಿಕ್ಕದಾದಷ್ಟೂ ಅಷ್ಟೇ ಕೆಲಸಕ್ಕೆ ಸಾಮಾನ್ಯವಾಗಿ ಕಡಿಮೆ ವಿದ್ಯುತ್ ಸಾಕು.

ಮೂರನೆಯದೇ ಹೆಚ್ಚಿನವರು ಓದದ ಸಾಲು, ಸಂಗ್ರಹದ ಬಗೆ. ಅಗ್ಗದ್ದರಲ್ಲಿ ಇಎಂಎಂಸಿ 5.1, 5ಜಿಯಲ್ಲಿ ಯುಎಫ್ಎಸ್ 2.2. ಇಎಂಎಂಸಿ ಒಂದು ಹೊತ್ತಿಗೆ ಓದಬಲ್ಲದು ಇಲ್ಲವೇ ಬರೆಯಬಲ್ಲದು, ಯುಎಫ್ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಹೊಸದರಲ್ಲಿ ಇದು ಅಷ್ಟಾಗಿ ಗೊತ್ತಾಗದು. ವಾಟ್ಸಾಪ್ ಫೋಟೊಗಳಿಂದ ಫೋನು ತುಂಬಿ, ಆ್ಯಪ್‌ಗಳು ಅಪ್‌ಡೇಟ್ ಆಗುವ ಹೊತ್ತಿಗೇ ಗಿರಾಕಿಗೆ ಹಣ ಕಳಿಸಬೇಕಾದಾಗ ಪರದೆ ನಿಂತುಬಿಡುತ್ತದಲ್ಲ, ಆಗ ಗೊತ್ತಾಗುತ್ತದೆ.

ಫೋಟೊದಿಂದಲೇ ಆಗುವ ಮೋಸವೂ ಉಂಟು. ‘12 ಜಿಬಿ ರ್‍ಯಾಮ್’ ಎಂದಿದ್ದು ಪಕ್ಕದಲ್ಲಿ ನಕ್ಷತ್ರದ ಗುರುತಿದ್ದರೆ, ಅದರಲ್ಲಿ 6 ಜಿಬಿ ಸಂಗ್ರಹದಿಂದ ಎರವಲು ಪಡೆದದ್ದಿರಬಹುದು; ನಿಜವಾದ ರ್‍ಯಾಮ್‌ನ ವೇಗ ಅದಕ್ಕಿಲ್ಲ. ಅದನ್ನು ವಿವರಿಸುವ ಸಣ್ಣಕ್ಷರ ಹಾಳೆಯ ತಳದಲ್ಲಿರುತ್ತದೆ, ಫೋಟೊದಲ್ಲಿ ಕತ್ತರಿಸಿಹೋಗುವುದೂ ಆ ತಳವೇ. ಗಾಜಿನ ಮೇಲೆ ಬೆಳಕು ಬಿದ್ದರೆ 6 ಕೂಡ 8ರಂತೆ ಕಾಣುತ್ತದೆ. ಊಹಿಸುವ ಬದಲು ಡಬ್ಬಿಯ ಮೇಲಿನ ಚೀಟಿಯ ಫೋಟೊವನ್ನೂ ತರಿಸಿಕೊಳ್ಳಬೇಕು.

ಈ ವ್ಯಾಪಾರಿಗೆ 5ಜಿಯೇ ಸರಿ. ಕಳೆದುಕೊಳ್ಳುವ ಅಲ್ಟ್ರಾವೈಡ್ ಅವರ ಬಳಕೆಯಲ್ಲೇ ಇಲ್ಲ. ಹೆಚ್ಚು ಕೊಡುವ 2,000 ರೂಪಾಯಿ ನಾಲ್ಕು ವರ್ಷಕ್ಕೆ ಹಂಚಿದರೆ ತಿಂಗಳಿಗೆ 42 ರೂಪಾಯಿಯೂ ಆಗದು, ಕವರಿಗೂ 500 ಮಿಗುತ್ತದೆ. ಬಜೆಟ್ 11 ಸಾವಿರಕ್ಕೇ ನಿಂತಿದ್ದರೆ, ಅಥವಾ ಫೋನು ಬರೀ ಕರೆಗೆ ಮತ್ತು ಮದುವೆಮನೆಯ ಗುಂಪುಚಿತ್ರಕ್ಕೆ ಬೇಕಿದ್ದರೆ, ರೆಡ್ಮಿ 12 ಸಾಕಾಗುತ್ತಿತ್ತು.