ರಂಗನಾಥನು ಸೋಲಿಗರ ‘ಭಾವ’: ಬುಡಕಟ್ಟು ನಂಬಿಕೆಗಳ ಬೋಧನೆಯಲ್ಲಿ ಭಾಷೆಯ ಪ್ರಶ್ನೆ

ಬುಡಕಟ್ಟುಗಳ ನಂಬಿಕೆಗಳನ್ನು ‘ಆದಿಮ’ ಎಂದು ಗುರುತಿಸುವ ಪರಿಪಾಠಕ್ಕೆ ಶಾಸ್ತ್ರೀಯ ಬೆಂಬಲ ಒದಗಿಸಿದ್ದು ಹತ್ತೊಂಬತ್ತನೆಯ ಶತಮಾನದ ವಿಕಾಸವಾದೀ ಮಾನವಶಾಸ್ತ್ರ. 1871ರಲ್ಲಿ ಪ್ರಕಟವಾದ ಎಡ್ವರ್ಡ್ ಟೈಲರ್‌ನ ಗ್ರಂಥವು ಮರ, ಕಲ್ಲು, ಹೊಳೆಗಳಲ್ಲಿ ಚೈತನ್ಯವನ್ನು ಕಾಣುವ ದೃಷ್ಟಿಯನ್ನು ಧರ್ಮದ ಮೊದಲ ಮೆಟ್ಟಿಲೆಂದು ನಿರೂಪಿಸಿತು. ಈ ಮೆಟ್ಟಿಲುಗಳ ಕಲ್ಪನೆಯನ್ನು ವಿದ್ವತ್ತು ಬಹುಮಟ್ಟಿಗೆ ಕೈಬಿಟ್ಟಿದೆ. ಭಾರತ ಸರ್ಕಾರವೂ ‘ಆದಿಮ ಬುಡಕಟ್ಟು ಗುಂಪುಗಳು’ ಎಂಬ ಹೆಸರನ್ನು 2006ರಲ್ಲಿ ಬದಲಿಸಿತು. ಆದರೂ ಬೋಧನೆಯ ಗದ್ಯದಲ್ಲಿ ಆ ಕಲ್ಪನೆ ಉಳಿದುಕೊಂಡಿದೆ. ಅದು ಅಡಗಿರುವುದು ಒಂದು ಪದದಲ್ಲಲ್ಲ, ವಾಕ್ಯರಚನೆಯಲ್ಲಿ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಒಂದು ಕಥನದ ಮೂಲಕ ಇದನ್ನು ಪರಿಶೀಲಿಸಬಹುದು.

ಸೋಲಿಗರ ಮೌಖಿಕ ಪರಂಪರೆಯಂತೆ ಬೆಟ್ಟದ ರಂಗನಾಥನು ಕುಸುಮಾಲೆ ಎಂಬ ಸೋಲಿಗರ ಹೆಣ್ಣನ್ನು ಮೆಚ್ಚಿ ಮದುವೆಯಾದನು. ಆದ್ದರಿಂದ ಅವನು ಸೋಲಿಗರಿಗೆ ‘ಭಾವ’. ಇದನ್ನು ಬೋಧಿಸುವಾಗ ಸಾಮಾನ್ಯವಾಗಿ ಬಳಕೆಯಾಗುವ ವಾಕ್ಯ ಹೀಗಿರುತ್ತದೆ: ‘ಸೋಲಿಗನು ರಂಗನಾಥನನ್ನು ತನ್ನ ಭಾವನೆಂದು ಇಂದಿಗೂ ನಂಬುತ್ತಾನೆ.’ ಇಲ್ಲಿ ಮೂರು ದೋಷಗಳಿವೆ. ಏಕವಚನವು ಇಡೀ ಸಮುದಾಯವನ್ನು ಒಂದು ಮಾದರಿಯಾಗಿ ಮಾಡುತ್ತದೆ. ‘ಇಂದಿಗೂ’ ಎಂಬುದು ಆ ನಂಬಿಕೆ ಅಳಿಯಬೇಕಾಗಿತ್ತು ಎಂದು ಸೂಚಿಸುತ್ತದೆ. ‘ನಂಬುತ್ತಾನೆ’ ಎಂಬ ಕ್ರಿಯಾಪದವು ಸಂಬಂಧವೊಂದನ್ನು ತಪ್ಪು ತಿಳಿವಳಿಕೆಯ ಮಟ್ಟಕ್ಕೆ ಇಳಿಸುತ್ತದೆ. ಅದೇ ಅಧ್ಯಾಪಕರು ಪುರಾಣದ ದೇವತೆಗಳ ವಿವಾಹವನ್ನು ಹೇಳುವಾಗ ‘ನಂಬುತ್ತಾರೆ’ ಎನ್ನದೆ ‘ವಿವಾಹವಾದನು’ ಎನ್ನುವುದುಂಟು. ಎರಡು ಕಥನಗಳಿಗೂ ಒಂದೇ ಕ್ರಿಯಾಪದ ಬಳಕೆಯಾಗಿದೆಯೇ ಎಂದು ನೋಡುವುದೇ ಪಾಠದ ಪಕ್ಷಪಾತವನ್ನು ಗುರುತಿಸುವ ಸರಳ ಪರೀಕ್ಷೆ.

ಎರಡನೆಯ ಹೆಜ್ಜೆ, ಕಥನವು ಯಾವ ಕೆಲಸ ಮಾಡುತ್ತದೆಂದು ಕೇಳುವುದು. ಬಂಧುತ್ವದ ಪದಗಳು ಕನ್ನಡ ನಾಡಿನಲ್ಲಿ ಬರಿಯ ಹೆಸರುಗಳಲ್ಲ. ಭಾವನೊಡನೆ ಸಲುಗೆಯುಂಟು, ಪರಿಹಾಸ್ಯವುಂಟು, ಕೊಡುಕೊಳ್ಳುವಿಕೆಯ ಹಕ್ಕೂ ಉಂಟು. ದೇವರನ್ನು ‘ಒಡೆಯ’ನೆನ್ನದೆ ‘ಭಾವ’ನೆಂದಾಗ ಬೆಟ್ಟದ ದೇಗುಲದೊಡನೆ ಕಾಡಿನ ಜನರಿಗಿರುವ ಸಂಬಂಧ ಭಕ್ತ–ದೇವರ ಸಂಬಂಧವಷ್ಟೇ ಆಗಿ ಉಳಿಯುವುದಿಲ್ಲ. ಅವರು ಹೆಣ್ಣು ಕೊಟ್ಟವರು. ಈ ಅರ್ಥ ಹೊಳೆದ ವಿದ್ಯಾರ್ಥಿಯು ‘ಇದು ನಿಜವೇ?’ ಎಂಬ ಪ್ರಶ್ನೆಯ ಬದಲಿಗೆ ‘ಇದನ್ನು ಯಾರು, ಯಾರ ಮುಂದೆ, ಯಾವಾಗ ಹೇಳುತ್ತಾರೆ?’ ಎಂದು ಕೇಳತೊಡಗುತ್ತಾನೆ. ಹಾಡಿನ ಪಠ್ಯವನ್ನು ಮಾತ್ರ ಮುದ್ರಿಸಿ ಹಾಡಿದವರನ್ನೂ ಸಂದರ್ಭವನ್ನೂ ಬಿಟ್ಟುಬಿಟ್ಟರೆ ಈ ಪ್ರಶ್ನೆಗೆ ಉತ್ತರವೇ ಸಿಗದು.

ಮೂರನೆಯದು, ಕಥನವನ್ನು ನೆಲದೊಡನೆ ಕೂಡಿಸುವುದು. ಸೋಲಿಗರ ಕುಲಗಳಿಗೆ ಕಾಡಿನಲ್ಲಿ ತಮ್ಮ ತಮ್ಮ ‘ಎಲ್ಲೆ’ಗಳಿವೆ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ನೆಲೆಗಳು ಆ ಎಲ್ಲೆಗಳಲ್ಲಿ ಹಂಚಿಕೊಂಡಿವೆ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಮರ ಇವುಗಳಲ್ಲಿ ಪ್ರಸಿದ್ಧವಾದುದು. ಇದನ್ನು ‘ವೃಕ್ಷಾರಾಧನೆ’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಸಿದರೆ ಯಾವ ಕುಲಕ್ಕೆ ಯಾವ ನೆಲೆಯ ಹೊಣೆ ಎಂಬ ವ್ಯವಸ್ಥೆ ಮರೆಯಾಗುತ್ತದೆ. ಈ ಹೊಣೆಗೆ ಇತಿಹಾಸದ ತೂಕವೂ ಇದೆ. 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಗಳು ದೊರೆತವು. ಪೂರ್ವಿಕರ ನೆಲೆಗಳನ್ನು ಹೆಸರಿಡಿದು ಹೇಳಬಲ್ಲ ಸ್ಮೃತಿಯು ಇಂತಹ ಸನ್ನಿವೇಶದಲ್ಲಿ ಕಾಡಿನೊಡನೆ ಇರುವ ಪುರಾತನ ಸಂಬಂಧದ ಸಾಕ್ಷ್ಯವಾಗುತ್ತದೆ.

ಆದರೆ ಸೋಲಿಗರ ಎಲ್ಲ ಮಾತನ್ನೂ ಸಂಕೇತವೆಂದು ಓದುವುದು ಇನ್ನೊಂದು ಬಗೆಯ ಅಗೌರವ. ತರಗಿಗೆ ಹಚ್ಚುವ ಲಘು ಬೆಂಕಿ ನಿಂತಮೇಲೆ ನೆಲ್ಲಿಮರಗಳಲ್ಲಿ ‘ಉಪ್ಪಿಲು’ ಎಂಬ ಬಂದಳಿಕೆಯೂ ಕಾಡಿನಲ್ಲಿ ಲಂಟಾನವೂ ಹೆಚ್ಚಿದವೆಂದು ಅವರು ಹೇಳುತ್ತಾರೆ. ಇದು ಆಚರಣೆಯ ಮಾತಲ್ಲ, ಕಾರ್ಯಕಾರಣದ ಹೇಳಿಕೆ. ಪರಿಸರ ವಿಜ್ಞಾನಿಗಳು ಇದನ್ನು ತಮ್ಮ ಕ್ಷೇತ್ರಾಧ್ಯಯನಗಳಲ್ಲಿ ಪರಿಶೀಲನೆಗೆ ಅರ್ಹವಾದ ವಿವರಣೆಯಾಗಿ ಎತ್ತಿಕೊಂಡಿದ್ದಾರೆ. ತರಗತಿಯಲ್ಲೂ ಹಾಗೆಯೇ ನಡೆಯಬೇಕು: ಭಾವನ ಕಥನವನ್ನು ಸಂಬಂಧವಾಗಿ ಓದಬೇಕು, ಉಪ್ಪಿಲಿನ ಮಾತನ್ನು ಪುರಾವೆಯ ಎದುರಿಗಿಟ್ಟು ತೂಗಬೇಕು. ತೂಗಿದಾಗ ಅದು ಭಾಗಶಃ ತಪ್ಪೆಂದು ಕಂಡರೂ ಅವಮಾನವಾಗದು. ತೂಗದೆ ‘ನಿಸರ್ಗದ ಮಕ್ಕಳ ಜ್ಞಾನ’ವೆಂದು ಹೊಗಳಿ ಬದಿಗಿರಿಸುವುದೇ ಅವಮಾನ.

ಈ ವಿಧಾನಕ್ಕೆ ಮಿತಿಯೂ ಇದೆ. ಕೆಲವು ಹಾಡುಗಳು ಕುಲದೊಳಗೆ ಅಥವಾ ನಿರ್ದಿಷ್ಟ ಆಚರಣೆಯಲ್ಲಿ ಮಾತ್ರ ಸಲ್ಲುವಂಥವು. ಹಾಡುವವರು ಒಪ್ಪದಿದ್ದಲ್ಲಿ ಅವು ಪಠ್ಯಕ್ಕೆ ಬರಲಾಗದು. ಅಲ್ಲಿ ‘ಇಂತಹ ಹಾಡುಗಳಿವೆ, ಅವು ಇಲ್ಲಿ ಸಲ್ಲುವುದಿಲ್ಲ’ ಎಂದಷ್ಟೇ ಹೇಳಿ ನಿಲ್ಲುವುದೂ ಪಾಠದ ಭಾಗವೇ. ತರಗತಿಯ ಬೆಂಚಿನಲ್ಲಿ ಸೋಲಿಗರ ಮಗುವೊಂದು ಕುಳಿತಿರಬಹುದು. ‘ಸೋಲಿಗನು ನಂಬುತ್ತಾನೆ’ ಎಂಬ ವಾಕ್ಯವನ್ನು ಆ ಮಗುವಿನ ಮುಖ ನೋಡಿ ಓದಲು ಸಾಧ್ಯವಾಗದಿದ್ದರೆ ತಿದ್ದಬೇಕಾದುದು ವಾಕ್ಯವನ್ನು.