ಹದಿನಾಲ್ಕು ಚಾರ್ಟಿಗೆ ಒಂದು ಮೇಲ್

ಔಷಧಿ ಅಂಗಡಿಗಳಿಗೆ ಸರಕು ತಲುಪಿಸುವ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಈ ವಾರ ಯಾವ ಗೋದಾಮಿಗೆ ಹೆಚ್ಚುವರಿ ವ್ಯಾನ್ ಕೊಡಬೇಕೆಂದು ಅಲ್ಲಿನ ಮ್ಯಾನೇಜರ್ ಪ್ರತಿ ಸೋಮವಾರ ತೀರ್ಮಾನಿಸಬೇಕು. ಅದಕ್ಕೆಂದು ಅನಲಿಸ್ಟ್ ಒಬ್ಬರು ಮಾಡಿದ ಡ್ಯಾಶ್‌ಬೋರ್ಡ್‌ ಕರಡಿನಲ್ಲಿ ಒಂದೇ ಪರದೆಗೆ 14 ಚಾರ್ಟುಗಳಿವೆ. ‘ಗಜಿಬಿಜಿಯಾಗಿದೆ, ಸ್ವಲ್ಪ ಸರಳ ಮಾಡಿ’ ಎಂದಷ್ಟೇ ಹಿರಿಯರು ಬರೆದರೆ, ಬಣ್ಣ ಬದಲಾಗಿ ಅದೇ ಕರಡು ವಾಪಸ್ ಬರುತ್ತದೆ. ಕೆಲಸಕ್ಕೆ ಬರುವ ಮೇಲ್ ಹೀಗಿರುತ್ತದೆ:

“ಅಂಕಿಗಳನ್ನು ತಾಳೆ ನೋಡಿದೆ, ಸರಿಯಾಗಿವೆ. ತೋರಿಸುವ ರೀತಿಯಲ್ಲಿ ನಾಲ್ಕು ಬದಲಾವಣೆ ಬೇಕು. ಮೊದಲ ಮೂರನ್ನು ಶುಕ್ರವಾರದೊಳಗೆ ಮಾಡಿ, ಕೊನೆಯದಕ್ಕೆ ಅವಸರವಿಲ್ಲ.

ಒಂದು, ತಡವಾದ ಆರ್ಡರುಗಳ ಪೈ ಚಾರ್ಟ್ ತೆಗೆಯಿರಿ. ದೊಡ್ಡ ಗೋದಾಮಿನಲ್ಲಿ 5,000 ಆರ್ಡರಿಗೆ 150 ತಡ, ಅಂದರೆ ಶೇ 3. ಸಣ್ಣದರಲ್ಲಿ 600ಕ್ಕೆ 60, ಅಂದರೆ ಶೇ 10. ಪೈನಲ್ಲಿ ದೊಡ್ಡ ಗೋದಾಮೇ ಕಣ್ಣಿಗೆ ಬೀಳುತ್ತದೆ, ವ್ಯಾನ್ ಬೇಕಿರುವುದು ಸಣ್ಣದಕ್ಕೆ. ಶೇಕಡಾವಾರು ಪ್ರಮಾಣವನ್ನು ಅಡ್ಡ ಪಟ್ಟಿಗಳಲ್ಲಿ, ಹೆಚ್ಚಿನದರಿಂದ ಕಡಿಮೆಗೆ ಜೋಡಿಸಿ.

ಎರಡು, ಸಮಯಕ್ಕೆ ತಲುಪಿದ ಆರ್ಡರುಗಳ ಕಂಬಗಳು 90ರಿಂದ ಶುರುವಾಗಿವೆ. 92ರ ಪಕ್ಕದಲ್ಲಿ 94ರ ಕಂಬ ಎರಡು ಪಟ್ಟು ಎತ್ತರ ಕಾಣುತ್ತದೆ. ಸೊನ್ನೆಯಿಂದ ಶುರುಮಾಡಿ.

ಮೂರು, ತಿಂಗಳ ಆರ್ಡರುಗಳ ಗೆರೆ ಕೊನೆಗೆ ದಿಢೀರ್ ಕುಸಿದಿದೆ. ವ್ಯಾಪಾರ ಬಿದ್ದಿಲ್ಲ, ಈ ತಿಂಗಳಲ್ಲಿ ಕಳೆದಿರುವುದು 12 ದಿನ ಮಾತ್ರ. ಆ ಬಿಂದು ತೆಗೆಯಿರಿ, ಇಲ್ಲವೇ ಹಿಂದಿನ ತಿಂಗಳುಗಳಲ್ಲೂ ಮೊದಲ 12 ದಿನವನ್ನೇ ತೋರಿಸಿ.

ನಾಲ್ಕು, ವ್ಯಾನ್ ತೀರ್ಮಾನಕ್ಕೆ ಬೇಡದ ಚಾರ್ಟುಗಳನ್ನು ಎರಡನೇ ಪುಟಕ್ಕೆ ಹಾಕಿ. ಅಳಿಸುವುದು ಬೇಡ, ಕಾರಣ ಕೇಳಿದಾಗ ಬೇಕಾಗುತ್ತವೆ.”

ಇಲ್ಲಿ ಪ್ರತಿ ಅಂಶವೂ ಯಾವ ಚಾರ್ಟ್, ಏನು ತೊಂದರೆ, ಬದಲಿಗೆ ಏನು ಎಂಬುದನ್ನು ಹೇಳುತ್ತದೆ. ಪಟ್ಟಿಗಳ ಸಲಹೆ ಬರೀ ಅಭಿರುಚಿಯ ಮಾತೂ ಅಲ್ಲ. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಅಳತೆಗೆರೆಯ ಮೇಲಿನ ಸ್ಥಾನವನ್ನು ಜನ ಕೋನಕ್ಕಿಂತ ನಿಖರವಾಗಿ ಅಂದಾಜಿಸಿದ್ದರು. ಆದರೆ ಸೊನ್ನೆಯ ನಿಯಮ ಕಂಬಗಳಿಗಷ್ಟೇ, ಏಕೆಂದರೆ ಅಲ್ಲಿ ಉದ್ದವೇ ಮೌಲ್ಯ. ಗೆರೆ ಚಾರ್ಟಿನಲ್ಲಿ ನೋಡುವುದು ಏರಿಳಿತವನ್ನು, ಅದು ಸೊನ್ನೆಯಿಂದಲೇ ಶುರುವಾಗಬೇಕಿಲ್ಲ. ಸಣ್ಣ ಗೋದಾಮುಗಳ ಶೇಕಡಾವಾರನ್ನೂ ಎಚ್ಚರದಿಂದ ಓದಬೇಕು: 20 ಆರ್ಡರಿನಲ್ಲಿ ಎರಡು ತಡವಾದರೂ ಅದು ಶೇ 10 ಆಗುತ್ತದೆ. ಹಾಗಾಗಿ ಪಟ್ಟಿಯ ಪಕ್ಕದಲ್ಲಿ ಒಟ್ಟು ಆರ್ಡರುಗಳ ಸಂಖ್ಯೆಯೂ ಇರಬೇಕು.

ತಿದ್ದಿದ ಕರಡನ್ನು ಪರೀಕ್ಷಿಸಲು, ಅದನ್ನು ಮಾಡದ ಒಬ್ಬರಿಗೆ ತೋರಿಸಿ ‘ವ್ಯಾನ್ ಎಲ್ಲಿಗೆ?’ ಎಂದು ಕೇಳಿದರೆ ಸಾಕು. ಅವರು ಥಟ್ಟನೆ ಗೋದಾಮಿನ ಹೆಸರು ಹೇಳದೆ ಹುಡುಕತೊಡಗಿದರೆ, ಮೊದಲ ಪುಟದಿಂದ ಇನ್ನೂ ತೆಗೆಯುವುದಿದೆ.